ಏಳು ಸ್ಲೈಡುಗಳಲ್ಲಿ ಒಂದು ಫೋಟೊ ಸ್ಪರ್ಧೆ

ಫೋಟೊ ಸ್ಪರ್ಧೆಯೊಂದರ ಫಲಿತಾಂಶ ಹೊರಬಿದ್ದ ದಿನ ಸಂಘಟಕರ ಇನ್‌ಸ್ಟಾಗ್ರಾಂ ಖಾತೆಗೆ ಹೋಗಿ ನೋಡಿ. ಅಭಿನಂದನೆಗಳ ನಡುವೆ ಬೇರೆ ಮಾತುಗಳೂ ಇರುತ್ತವೆ. ‘ಹ್ಯಾಷ್‌ಟ್ಯಾಗ್ ಹಾಕಿಯೇ ಫೋಟೊ ಹಾಕಿದ್ದೆ, ನಿಮ್ಮ ಕಣ್ಣಿಗೇ ಬಿದ್ದಿಲ್ಲವಾ?’ ‘ಗೆದ್ದ ಫೋಟೊ ಹೋದ ವರ್ಷದ್ದು, ಅದು ಹೇಗೆ ನಡೆಯುತ್ತದೆ?’ ‘ನನಗೆ ಎಂಟುನೂರು ಲೈಕ್ ಬಂದಿತ್ತು, ಗೆದ್ದವರಿಗೆ ನೂರೂ ಇಲ್ಲ.’ ಕೇಳುವವರದು ತಪ್ಪಿಲ್ಲ. ಬಿಸಿಲಲ್ಲಿ ಅಲೆದು, ಫೋಟೊ ತೆಗೆದು, ಕಳಿಸಿ, ಎರಡು ವಾರ ಕಾದವರು ಅವರು. ಈ ಮೂರು ಪ್ರಶ್ನೆಗಳಿಗೂ ಉತ್ತರ ಸ್ಪರ್ಧೆಯ ಪ್ರಕಟಣೆಯಲ್ಲೇ ಇರಬೇಕಿತ್ತು. ಇರಲಿಲ್ಲ, ಅಷ್ಟೇ.

ಈಗ ಇಂಥ ಸ್ಪರ್ಧೆಗಳ ಪ್ರಕಟಣೆ ಬರುವುದು ಹೆಚ್ಚಾಗಿ ಕ್ಯಾರಸೆಲ್ ರೂಪದಲ್ಲಿ. ಒಂದೇ ಪೋಸ್ಟಿನಲ್ಲಿ ಹಲವು ಚಿತ್ರಗಳನ್ನು ಸಾಲಾಗಿ ಜೋಡಿಸಿ, ಬೆರಳಿನಿಂದ ಪಕ್ಕಕ್ಕೆ ಸರಿಸುತ್ತಾ ಓದುವ ಈ ಸೌಲಭ್ಯ ಇನ್‌ಸ್ಟಾಗ್ರಾಂಗೆ ಬಂದದ್ದು 2017ರಲ್ಲಿ. ಆಗ ಹತ್ತು ಚಿತ್ರಗಳ ಮಿತಿಯಿತ್ತು, 2024ರಲ್ಲಿ ಅದು ಇಪ್ಪತ್ತಾಯಿತು. ಕಾಲೇಜುಗಳು, ಸಂಘಗಳು, ಅಂಗಡಿಗಳು ಎಲ್ಲರೂ ಬಳಸುತ್ತಾರೆ. ಆದರೆ ಹೆಚ್ಚಿನವರು ಹಳೆಯ ಕರಪತ್ರವನ್ನೇ ಕತ್ತರಿಸಿ ಐದಾರು ತುಂಡು ಮಾಡಿ ಹಾಕುತ್ತಾರೆ. ಕ್ಯಾರಸೆಲ್‌ಗೆ ಅದರದೇ ಆದ ಕೆಲವು ಗುಣಗಳಿವೆ. ಅವು ಗೊತ್ತಿಲ್ಲದೆ ನಿಯಮ ಬರೆದರೆ ಒಳ್ಳೆಯ ನಿಯಮವೂ ಓದುಗರನ್ನು ಮುಟ್ಟುವುದಿಲ್ಲ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ತಾಲ್ಲೂಕು ಕೇಂದ್ರವೊಂದರ ಓದುಗರ ಬಳಗ ರಾಜ್ಯೋತ್ಸವಕ್ಕೆ ಒಂದು ಫೋಟೊ ಸ್ಪರ್ಧೆ ನಡೆಸಬೇಕೆಂದಿದೆ. ವಿಷಯ: ಕೈಬರಹದ ಅಂಗಡಿ ಬೋರ್ಡುಗಳು. ಫ್ಲೆಕ್ಸ್ ಬಂದ ಮೇಲೆ ಬ್ರಷ್ಷು ಹಿಡಿದು ಬೋರ್ಡು ಬರೆಯುವವರು ಕಡಿಮೆಯಾಗಿದ್ದಾರೆ. ಆದರೂ ಹಳೆಯ ಪೇಟೆಬೀದಿಗಳಲ್ಲಿ ಹಿಟ್ಟಿನ ಗಿರಣಿ, ಸೈಕಲ್ ಶಾಪು, ಕ್ಷೌರದಂಗಡಿಗಳ ನೆತ್ತಿಯ ಮೇಲೆ ನೆರಳು ಕೊಟ್ಟು ಬರೆದ ಅಕ್ಷರಗಳು ಇನ್ನೂ ಉಳಿದಿವೆ. ಮೂಲೆಯಲ್ಲಿ ಬರೆದವರ ಪುಟ್ಟ ಸಹಿಯೂ ಇರುತ್ತದೆ. ಅವನ್ನು ಜನರಿಂದಲೇ ಫೋಟೊ ತೆಗೆಸಿ, ನವೆಂಬರ್ 1ರಂದು ಪ್ರದರ್ಶನಕ್ಕೆ ಇಡಬೇಕೆಂಬುದು ಬಳಗದ ಆಸೆ. ಬಳಗವೂ ಸ್ಪರ್ಧೆಯೂ ನಾನು ಕಲ್ಪಿಸಿಕೊಂಡದ್ದು. ಎದುರಾಗುವ ತೊಡಕುಗಳು ಮಾತ್ರ ಎಲ್ಲ ಊರಿನವೂ ಹೌದು.

ಮೊದಲ ಕೆಲಸ ಮೊಬೈಲಿನಲ್ಲಿ ಅಲ್ಲ, ಹಾಳೆಯ ಮೇಲೆ. ‘ಕೈಬರಹದ ಬೋರ್ಡು’ ಎಂದರೆ ಏನು? ಕೇಳಲು ಸುಲಭ. ಆದರೆ ಬಳಗದ ನಾಲ್ಕು ಜನ ಕುಳಿತು ಮಾತಾಡಿದರೆ ನಾಲ್ಕು ಅರ್ಥ ಹೊರಡುತ್ತದೆ. ಗೋಡೆಯ ಮೇಲೆ ಬರೆದ ಸಿಮೆಂಟು ಜಾಹೀರಾತು ಬೋರ್ಡೇ? ಲಾರಿಯ ಹಿಂಬದಿಯ ಬರಹ? ಮಾಲೀಕರೇ ಸೀಮೆಸುಣ್ಣದಲ್ಲಿ ಬರೆದ ‘ಇಂದಿನ ದರ’? ಕನ್ನಡದ ಜೊತೆ ಇಂಗ್ಲಿಷೂ ಇರುವ ಬೋರ್ಡು? ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂದು ಈಗಲೇ ಬರೆದುಕೊಳ್ಳಬೇಕು. ನಮ್ಮ ಬಳಗ ಹೀಗೆ ತೀರ್ಮಾನಿಸಿತು ಎನ್ನೋಣ: ಅಂಗಡಿ, ಹೋಟೆಲು, ಕಾರ್ಯಾಗಾರಗಳ ಹೆಸರಿನ ಬೋರ್ಡು ಅಥವಾ ಗೋಡೆಬರಹ ಆಗಬಹುದು, ಬಣ್ಣದಿಂದ ಬರೆದದ್ದಾಗಿರಬೇಕು, ಕನ್ನಡ ಇರಲೇಬೇಕು, ಜೊತೆಗೆ ಬೇರೆ ಭಾಷೆ ಇದ್ದರೆ ತೊಂದರೆಯಿಲ್ಲ. ಲಾರಿ, ಆಟೊ, ಸೀಮೆಸುಣ್ಣದ ಬರಹ, ಕಂಪನಿಗಳ ಗೋಡೆ ಜಾಹೀರಾತು ಬೇಡ.

ಫೋಟೊ ಯಾವಾಗ ತೆಗೆದದ್ದಿರಬೇಕು ಎಂಬುದು ಇನ್ನೊಂದು. ಹಳೆಯದಾದರೂ ಸರಿ ಎಂದರೆ ಜನ ಮನೆಯಲ್ಲೇ ಕುಳಿತು ಮೊಬೈಲಿನ ಗ್ಯಾಲರಿ ತಡಕುತ್ತಾರೆ. ಬೀದಿಗೆ ಇಳಿಯಬೇಕೆಂಬುದು ಆಸೆಯಾದರೆ ಸ್ಪರ್ಧೆ ಶುರುವಾದ ದಿನದಿಂದ ಮುಗಿಯುವ ದಿನದೊಳಗೆ ತೆಗೆದದ್ದೇ ಆಗಬೇಕು. ಇದರಲ್ಲೊಂದು ನಷ್ಟವಿದೆ. ಕಳೆದ ವರ್ಷ ಕಿತ್ತುಹೋದ ಬೋರ್ಡಿನ ಫೋಟೊ ಯಾರ ಬಳಿಯಾದರೂ ಇದ್ದರೆ ಅದು ಹೊರಗೆ ಉಳಿಯುತ್ತದೆ. ಅದಕ್ಕೆ ಒಂದು ಸಾಲು ಸೇರಿಸಿದರೆ ಸಾಕು: ‘ಈಗ ಇಲ್ಲದ ಬೋರ್ಡಿನ ಹಳೆಯ ಫೋಟೊ ಇದ್ದರೆ ಕಳಿಸಿ, ಸ್ಪರ್ಧೆಗೆ ಅಲ್ಲ, ಪ್ರದರ್ಶನಕ್ಕೆ.’

ಹೀಗೆ ಎಲ್ಲ ತೀರ್ಮಾನಗಳೂ ಹಾಳೆಯ ಮೇಲೆ ಬಂದ ನಂತರವೇ ಸ್ಲೈಡುಗಳ ಮಾತು. ಕಾರಣ ಇದು: ಕ್ಯಾರಸೆಲ್ ಒಮ್ಮೆ ಪ್ರಕಟವಾದ ಮೇಲೆ ಕೆಳಗಿನ ಬರಹವನ್ನು, ಅಂದರೆ ಕ್ಯಾಪ್ಷನ್ನನ್ನು, ಎಷ್ಟು ಸಲ ಬೇಕಾದರೂ ತಿದ್ದಬಹುದು. ಚಿತ್ರದೊಳಗಿನ ಅಕ್ಷರವನ್ನು ತಿದ್ದಲು ಬರುವುದಿಲ್ಲ. ತಪ್ಪಾದ ಸ್ಲೈಡನ್ನು ಅಳಿಸಿಹಾಕಬಹುದು, ಅದೇ ಜಾಗಕ್ಕೆ ಸರಿಯಾದದ್ದನ್ನು ತಂದು ಕೂರಿಸುವುದು ಸಾಧ್ಯವಿಲ್ಲ. ದಿನಾಂಕ ತಪ್ಪಿದ್ದರೆ ಇಡೀ ಪೋಸ್ಟನ್ನೇ ತೆಗೆದು ಹೊಸದಾಗಿ ಹಾಕಬೇಕು. ಅಷ್ಟರಲ್ಲಿ ಜನ ಹಳೆಯದರ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಆ್ಯಪ್ ಗುಂಪುಗಳಿಗೆ ಹಂಚಿರುತ್ತಾರೆ. ಆ ಸ್ಕ್ರೀನ್‌ಶಾಟನ್ನು ಯಾರೂ ಹಿಂದಕ್ಕೆ ಪಡೆಯಲಾರರು.

ಸ್ಕ್ರೀನ್‌ಶಾಟಿನ ಈ ಅಭ್ಯಾಸವೇ ಕ್ಯಾರಸೆಲ್ ಬರೆಯುವ ರೀತಿಯನ್ನು ನಿರ್ಧರಿಸಬೇಕು. ಜನ ಏಳೂ ಸ್ಲೈಡು ಕಳಿಸುವುದಿಲ್ಲ, ಬೇಕಾದ ಒಂದನ್ನು ಮಾತ್ರ ಕಳಿಸುತ್ತಾರೆ. ಆದ್ದರಿಂದ ಪ್ರತಿ ಸ್ಲೈಡಿನ ಅಡಿಯಲ್ಲೂ ಸ್ಪರ್ಧೆಯ ಹೆಸರು, ಖಾತೆಯ ಹೆಸರು, ಕೊನೆಯ ದಿನ ಸಣ್ಣದಾಗಿ ಇರಲಿ. ಇನ್ನೊಂದು ಗುಣವೂ ಇದೆ. ಮೊದಲ ಸ್ಲೈಡು ನೋಡಿ ಪಕ್ಕಕ್ಕೆ ಸರಿಸದೆ ಮುಂದೆ ಹೋದವರಿಗೆ ಇನ್‌ಸ್ಟಾಗ್ರಾಂ ಅದೇ ಪೋಸ್ಟನ್ನು ಮತ್ತೊಮ್ಮೆ ತೋರಿಸುವಾಗ ಕೆಲವೊಮ್ಮೆ ಎರಡನೇ ಸ್ಲೈಡಿನಿಂದ ಶುರುಮಾಡುತ್ತದೆ. ಹಾಗಾಗಿ ಎರಡನೇ ಸ್ಲೈಡಿನಲ್ಲಿ ಅಧ್ಯಕ್ಷರ ಸಂದೇಶವೋ ಸಂಸ್ಥೆಯ ಪರಿಚಯವೋ ಇದ್ದರೆ ಎರಡನೇ ಅವಕಾಶವೂ ಹೋಯಿತು.

ಮೊದಲ ಸ್ಲೈಡಿಗೆ ಮೂರು ಸಂಗತಿ ಸಾಕು: ಏನು ಕಳಿಸಬೇಕು, ಏನು ಸಿಗುತ್ತದೆ, ಎಂದಿನೊಳಗೆ. ನಮ್ಮ ಬಳಗದ್ದು ಹೀಗಿರಬಹುದು:

ನಿಮ್ಮೂರಿನ ಕೈಬರಹದ ಬೋರ್ಡಿನ ಫೋಟೊ ತೆಗೆಯಿರಿ
ಮೊದಲ ಬಹುಮಾನ ₹5,000
ಕೊನೆಯ ದಿನ: 18 ಅಕ್ಟೋಬರ್ 2026, ಭಾನುವಾರ, ರಾತ್ರಿ 9 ಗಂಟೆ

ಹಿಂದೆ ಒಂದು ಬೋರ್ಡಿನ ಚಿತ್ರ. ಸಂಸ್ಥೆಯ ಲಾಂಛನ ಮೂಲೆಯಲ್ಲಿರಲಿ, ನೆತ್ತಿಯಲ್ಲಿ ಬೇಡ.

ಎರಡನೆಯದರಲ್ಲಿ ಯಾವ ಬೋರ್ಡು ಆಗುತ್ತದೆ, ಯಾವುದು ಆಗದು. ಇಲ್ಲಿ ಬರಹಕ್ಕಿಂತ ಚಿತ್ರ ಗಟ್ಟಿ. ಎಡಗಡೆ ಬ್ರಷ್ಷಿನ ಬೋರ್ಡು, ಬಲಗಡೆ ಫ್ಲೆಕ್ಸು, ಒಂದಕ್ಕೆ ಸರಿ ಗುರುತು, ಇನ್ನೊಂದಕ್ಕೆ ತಪ್ಪು ಗುರುತು. ಮೂರನೆಯದು ಕಳಿಸುವ ಬಗೆ, ನಾಲ್ಕನೆಯದು ನಿಯಮ, ಐದನೆಯದು ತೀರ್ಪು, ಆರನೆಯದು ದಿನಾಂಕಗಳು, ಏಳನೆಯದು ಹಕ್ಕು ಮತ್ತು ಸಂಪರ್ಕ. ಇಪ್ಪತ್ತು ಸ್ಲೈಡಿಗೆ ಅವಕಾಶವಿದೆಯೆಂದು ಇಪ್ಪತ್ತನ್ನೂ ತುಂಬಬೇಕಿಲ್ಲ.

ಅಳತೆಯ ಬಗ್ಗೆ ಎರಡು ಮಾತು. 1080ಕ್ಕೆ 1350 ಪಿಕ್ಸೆಲ್‌ನ ನಿಲುವು ಚೌಕಟ್ಟು ಫೋನಿನ ಪರದೆಯನ್ನು ಚೆನ್ನಾಗಿ ತುಂಬುತ್ತದೆ. ಏಳೂ ಸ್ಲೈಡುಗಳು ಒಂದೇ ಅಳತೆಯಲ್ಲಿರಲಿ. 2025ರ ಆರಂಭದಿಂದ ಖಾತೆಯ ಮುಖಪುಟದಲ್ಲಿ ಚಿತ್ರಗಳು ಇನ್ನೂ ಸ್ವಲ್ಪ ಉದ್ದನೆಯ ಚೌಕಟ್ಟಿನಲ್ಲಿ ಕಾಣುವುದರಿಂದ ಎಡ ಬಲ ಅಂಚುಗಳು ಒಂದಿಷ್ಟು ಕತ್ತರಿಸಿಹೋಗುತ್ತವೆ. ಅಕ್ಷರಗಳು ಅಂಚಿನಿಂದ ಅರವತ್ತು ಪಿಕ್ಸೆಲ್ ಒಳಗಿದ್ದರೆ ಸುರಕ್ಷಿತ. ಅಕ್ಷರದ ಗಾತ್ರ 40ಕ್ಕಿಂತ ಕಡಿಮೆಯಾದರೆ ಫೋನಿನಲ್ಲಿ ಅದು ಪತ್ರಿಕೆಯ ಅಕ್ಷರಕ್ಕಿಂತ ಚಿಕ್ಕದಾಗಿ ಕಾಣತೊಡಗುತ್ತದೆ.

ಕನ್ನಡಕ್ಕೆ ವಿಶೇಷವಾದ ಇನ್ನೊಂದು ಎಚ್ಚರಿಕೆ ಇದೆ. ಇಂಗ್ಲಿಷ್ ಅಕ್ಷರಗಳಿಗೆಂದು ಮಾಡಿದ ಮಾದರಿಗೆ ಕನ್ನಡ ಸುರಿದರೆ ಸಾಲುಗಳ ನಡುವಿನ ಜಾಗ ಸಾಲುವುದಿಲ್ಲ. ‘ಅಕ್ಟೋಬರ್’ನ ಟ ಒತ್ತು, ‘ಹ್ಯಾಷ್‌ಟ್ಯಾಗ್’ನ ಯ ಒತ್ತು ಕೆಳಗಿನ ಸಾಲಿನ ಗುಡಿಸು, ದೀರ್ಘಗಳ ಮೇಲೆ ಹತ್ತಿ ಕೂರುತ್ತವೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟು ಸಾಲಿನ ಅಂತರ ಕೊಟ್ಟರೆ ಒತ್ತಕ್ಷರಗಳಿಗೆ ಉಸಿರಾಡಲು ಜಾಗ ಸಿಗುತ್ತದೆ. ಡಿಟಿಪಿ ಮಾಡುವವರ ಹತ್ತಿರ ವಿನ್ಯಾಸ ಮಾಡಿಸಿದರೆ ಯೂನಿಕೋಡ್‌ನಲ್ಲೇ ಟೈಪ್ ಮಾಡಲು ಹೇಳಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದರೆ ಚಿತ್ರದಲ್ಲಿ ಸರಿಯಾಗಿಯೇ ಕಾಣುತ್ತದೆ, ಆದರೆ ಅದೇ ಪಠ್ಯವನ್ನು ನಕಲು ಮಾಡಿ ಕ್ಯಾಪ್ಷನ್ನಿಗೆ ಅಂಟಿಸಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದು ಬೀಳುತ್ತವೆ. ಮತ್ತೆ ಟೈಪ್ ಮಾಡುವ ಅವಸರದಲ್ಲಿ ಚಿತ್ರದಲ್ಲಿ 18, ಕ್ಯಾಪ್ಷನ್ನಿನಲ್ಲಿ 19 ಆಗುವುದು ಹೀಗೆಯೇ.

ಇನ್ನು ಕಳಿಸುವ ಬಗೆ. ಅತಿ ಹೆಚ್ಚು ಫೋಟೊಗಳು ಕಳೆದುಹೋಗುವುದು ಇಲ್ಲೇ. ಬಹುತೇಕ ಸ್ಪರ್ಧೆಗಳು ‘ನಿಮ್ಮ ಖಾತೆಯಲ್ಲಿ ಹಾಕಿ, ನಮ್ಮನ್ನು ಟ್ಯಾಗ್ ಮಾಡಿ, ಹ್ಯಾಷ್‌ಟ್ಯಾಗ್ ಬಳಸಿ’ ಎನ್ನುತ್ತವೆ. ಪ್ರಚಾರಕ್ಕೆ ಇದು ಒಳ್ಳೆಯದು. ಆದರೆ ಖಾತೆಗೆ ಬೀಗ ಹಾಕಿಕೊಂಡವರ, ಅಂದರೆ ಪ್ರೈವೇಟ್ ಇಟ್ಟುಕೊಂಡವರ ಪೋಸ್ಟು ಅವರ ಹಿಂಬಾಲಕರಿಗೆ ಮಾತ್ರ ಕಾಣುತ್ತದೆ. ಎಷ್ಟೇ ಹ್ಯಾಷ್‌ಟ್ಯಾಗ್ ಹಾಕಿದರೂ ಸಂಘಟಕರಿಗೆ ಕಾಣುವುದಿಲ್ಲ. ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ಖಾತೆಯನ್ನು ಹೀಗೆಯೇ ಇಟ್ಟುಕೊಳ್ಳುತ್ತಾರೆ, ಅದಕ್ಕೆ ಕಾರಣವೂ ಇರುತ್ತದೆ. ಸ್ಪರ್ಧೆಗಾಗಿ ಬೀಗ ತೆಗೆಯಿರಿ ಎಂದು ಅವರನ್ನು ಕೇಳುವುದು ನನಗೆ ಸರಿಕಾಣುವುದಿಲ್ಲ. ಸ್ಟೋರಿಯಲ್ಲಿ ಹಾಕಿದವರದು ಇಪ್ಪತ್ತನಾಲ್ಕು ಗಂಟೆಯಲ್ಲಿ ಮಾಯವಾಗುತ್ತದೆ. ಮೇಲಾಗಿ ಹ್ಯಾಷ್‌ಟ್ಯಾಗ್ ಹುಡುಕಿದರೆ ಅದರಡಿ ಬಂದ ಎಲ್ಲ ಪೋಸ್ಟುಗಳೂ ಸಿಗುತ್ತವೆಂಬ ಖಾತ್ರಿಯಿಲ್ಲ.

ಕಾಗುಣಿತದ ತೊಡಕು ಬೇರೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವಾಗ ಒಬ್ಬರು #kaibarahadaboard ಎಂದರೆ ಇನ್ನೊಬ್ಬರು #kaibarahadabordu ಎನ್ನುತ್ತಾರೆ, ಮತ್ತೊಬ್ಬರು #kaibarahada board ಎಂದು ನಡುವೆ ಜಾಗ ಬಿಟ್ಟು ಅರ್ಧ ಹ್ಯಾಷ್‌ಟ್ಯಾಗ್ ಕಳೆದುಕೊಳ್ಳುತ್ತಾರೆ. ಕನ್ನಡದಲ್ಲೇ ಕೊಟ್ಟರೂ ‘ಬೋರ್ಡು’, ‘ಬೋರ್ಡ್’ ಎಂಬ ಎರಡು ದಾರಿಗಳಿವೆ. ಆದ್ದರಿಂದ ಚಿಕ್ಕದಾದ, ಒಂದೇ ರೀತಿ ಬರೆಯಲು ಬರುವ ಪದ ಆರಿಸಿ, ಅದನ್ನು ಚಿತ್ರದಲ್ಲಷ್ಟೇ ಅಲ್ಲದೆ ನಕಲು ಮಾಡಿಕೊಳ್ಳಲು ಬರುವಂತೆ ಕ್ಯಾಪ್ಷನ್ನಿನಲ್ಲೂ ಕೊಡಬೇಕು.

ನಮ್ಮ ಬಳಗ ಇದನ್ನೆಲ್ಲ ನೋಡಿ ಒಂದು ನಿಲುವಿಗೆ ಬಂದಿತು: ಹ್ಯಾಷ್‌ಟ್ಯಾಗ್ ಪ್ರಚಾರಕ್ಕೆ, ಫಾರ್ಮ್ ಪ್ರವೇಶಕ್ಕೆ. ಗೂಗಲ್ ಫಾರ್ಮಿನಲ್ಲಿ ಫೋಟೊ ಸೇರಿಸಿದ್ದಷ್ಟೇ ಸ್ಪರ್ಧೆಗೆ ಲೆಕ್ಕ. ಇದರಿಂದ ಇನ್ನೊಂದು ಲಾಭವಿದೆ. ಇನ್‌ಸ್ಟಾಗ್ರಾಂಗೆ ಹಾಕಿದ ಫೋಟೊ ಸುಮಾರು 1080 ಪಿಕ್ಸೆಲ್ ಅಗಲಕ್ಕೆ ಕುಗ್ಗುತ್ತದೆ. ಅದನ್ನು ಹಿಗ್ಗಿಸಿ ಎರಡಡಿ ಅಗಲಕ್ಕೆ ಪ್ರಿಂಟ್ ಹಾಕಿದರೆ ಬ್ರಷ್ಷಿನ ಗೆರೆಯೆಲ್ಲ ಮಸುಕು. ಫಾರ್ಮಿನಲ್ಲಿ ಮೂಲ ಕಡತವೇ ಬರುತ್ತದೆ. ಫಾರ್ಮಿಗೂ ಮಿತಿಗಳಿವೆ: ಕಡತ ಸೇರಿಸಲು ಗೂಗಲ್ ಖಾತೆಯಿಂದ ಒಳಬರಲೇಬೇಕು, ಬಂದ ಕಡತಗಳೆಲ್ಲ ಸಂಘಟಕರ ಡ್ರೈವ್‌ನಲ್ಲಿ ತುಂಬಿಕೊಳ್ಳುತ್ತವೆ. ಉಚಿತ ಖಾತೆಯ 15 ಜಿಬಿಯಲ್ಲಿ ಮೇಲ್ ಕೂಡ ಸೇರಿದೆ. ಒಬ್ಬರಿಗೆ ಎರಡು ಫೋಟೊ, ಒಂದೊಂದು 10 ಎಂಬಿ ಒಳಗೆ ಎಂದು ಇಟ್ಟರೆ ಐನೂರು ಜನ ಕಳಿಸಿದರೂ 10 ಜಿಬಿ. ಫಾರ್ಮು ಗೊಂದಲವೆನ್ನುವವರಿಗೆ ವಾಟ್ಸ್ಆ್ಯಪ್ ದಾರಿಯನ್ನೂ ತೆರೆದಿಡಬಹುದು, ‘ಫೋಟೊ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ’ ಎಂಬ ಸೂಚನೆಯೊಂದಿಗೆ. ಫೋಟೊ ಎಂದು ಕಳಿಸಿದರೆ ಅದೂ ಕುಗ್ಗಿಯೇ ಬರುತ್ತದೆ.

ಕ್ಯಾಪ್ಷನ್ನಿನಲ್ಲಿ ಹಾಕಿದ ಲಿಂಕು ಒತ್ತಿದರೆ ತೆರೆಯುವುದಿಲ್ಲ ಎಂಬುದನ್ನು ಮರೆಯಬಾರದು. ಫಾರ್ಮಿನ ಲಿಂಕು ಖಾತೆಯ ಬಯೋದಲ್ಲಿರಬೇಕು, ಮೂರನೇ ಸ್ಲೈಡಿನಲ್ಲಿ ಅದನ್ನೇ ಹೇಳಬೇಕು: ‘ನಮ್ಮ ಖಾತೆಯ ಹೆಸರಿನ ಮೇಲೆ ಒತ್ತಿ, ಅಲ್ಲಿ ಕಾಣುವ ಲಿಂಕು ತೆರೆಯಿರಿ, ಫೋಟೊ ಸೇರಿಸಿ, ಬೋರ್ಡಿನ ಬಗ್ಗೆ ಮೂರು ಸಾಲು ಬರೆಯಿರಿ, ಕಳಿಸಿ. ‘ನಿಮ್ಮ ಫೋಟೊ ತಲುಪಿದೆ’ ಎಂಬ ಸಂದೇಶ ಬಂದರೆ ಮಾತ್ರ ಪ್ರವೇಶ ಪೂರ್ತಿಯಾಯಿತು.’ ಆ ಕೊನೆಯ ಸಾಲು ಇಲ್ಲದಿದ್ದರೆ ಅರ್ಧದಲ್ಲಿ ನೆಟ್‌ವರ್ಕ್ ಹೋದವರು ಕಳಿಸಿದ್ದೇವೆಂದೇ ನಂಬಿ ಕೂರುತ್ತಾರೆ.

ರೀಲ್ ವಿಭಾಗವೂ ಇದ್ದರೆ ಅದರ ನಿಯಮ ಬೇರೆಯೇ ಬರೆಯಬೇಕು. ಬೋರ್ಡು ಬರೆಯುತ್ತಿರುವವರ ಕೈಯನ್ನು ಚಿತ್ರಿಸಿದ ಒಂದು ನಿಮಿಷದ ರೀಲ್ ಎಂದುಕೊಳ್ಳಿ. ಅದಕ್ಕೆ ಸಿನಿಮಾ ಹಾಡು ಸೇರಿಸಿದರೆ ಏನಾಗುತ್ತದೆ? ಇನ್‌ಸ್ಟಾಗ್ರಾಂನ ಒಳಗೆ ಬಳಸಲು ಸಿಗುವ ಹಾಡಿನ ಅನುಮತಿ ಅಲ್ಲಿಗಷ್ಟೇ ಸೀಮಿತ. ರಾಜ್ಯೋತ್ಸವದ ಸಭಾಂಗಣದಲ್ಲಿ ದೊಡ್ಡ ಪರದೆಯ ಮೇಲೆ ತೋರಿಸಲು ಆ ಅನುಮತಿ ಸಾಲುವುದಿಲ್ಲ. ‘ಹಾಡು ಬೇಡ, ಜಾಗದ ಸದ್ದು ಅಥವಾ ಬರೆಯುವವರ ಮಾತು ಇರಲಿ, ಹಾಡು ಸೇರಿಸುವ ಮೊದಲಿನ ವಿಡಿಯೊ ಕಡತವನ್ನೇ ಕಳಿಸಿ’ ಎಂದರೆ ಸಮಸ್ಯೆಯೂ ತಪ್ಪುತ್ತದೆ, ಬ್ರಷ್ಷು ತಗಡಿಗೆ ತಾಗುವ ಸದ್ದೂ ಕೇಳುತ್ತದೆ.

ನಿಯಮಗಳು ಕಡಿಮೆಯಿರಲಿ, ಆದರೆ ಪ್ರತಿಯೊಂದನ್ನೂ ಪರಿಶೀಲಿಸಲು ಆಗುವಂತಿರಲಿ. ‘ಫೋಟೊ ನೈಜವಾಗಿರಬೇಕು’ ಎಂಬುದನ್ನು ಪರಿಶೀಲಿಸಲಾಗದು. ‘ಬೆಳಕು, ಬಣ್ಣ, ಅಂಚು ಸರಿಪಡಿಸಬಹುದು, ಯಾವುದೇ ಸಾಧನದಿಂದ ಏನನ್ನೂ ಸೇರಿಸುವಂತಿಲ್ಲ, ಅಳಿಸುವಂತಿಲ್ಲ, ಕೊನೆಯ ಸುತ್ತಿಗೆ ಬಂದವರು ತಿದ್ದದ ಮೂಲ ಕಡತ ಕೊಡಬೇಕು’ ಎಂಬುದನ್ನು ಪರಿಶೀಲಿಸಬಹುದು. ದೊಡ್ಡ ಸ್ಪರ್ಧೆಗಳಿಗೂ ಇಂಥ ನಿಯಮಗಳೇ ಆಸರೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವರ್ಷದ ವನ್ಯಜೀವಿ ಛಾಯಾಗ್ರಾಹಕ ಸ್ಪರ್ಧೆಯಲ್ಲಿ 2009ರ ಮೊದಲ ಬಹುಮಾನ ಬಂದದ್ದು ಗೇಟು ಹಾರುತ್ತಿರುವ ತೋಳದ ಚಿತ್ರಕ್ಕೆ. ಅದು ಪಳಗಿಸಿದ ತೋಳ ಎಂದು ತೀರ್ಪುಗಾರರಿಗೆ ಅನ್ನಿಸಿ 2010ರ ಜನವರಿಯಲ್ಲಿ ಬಹುಮಾನ ಹಿಂತೆಗೆದರು. ಬಾಡಿಗೆಗೆ ಸಿಗುವ ಪ್ರಾಣಿಗಳ ಚಿತ್ರ ಕೂಡದೆಂಬ ನಿಯಮ ಮೊದಲೇ ಇತ್ತು. 2018ರಲ್ಲಿ ಅದೇ ಸ್ಪರ್ಧೆ ಇರುವೆಭಕ್ಷಕವೊಂದರ ಚಿತ್ರವನ್ನು ಅನರ್ಹಗೊಳಿಸಿತು. ಅದು ಜೀವಂತ ಪ್ರಾಣಿಯಲ್ಲ, ತೊಗಲು ತುಂಬಿ ನಿಲ್ಲಿಸಿದ ಬೊಂಬೆ ಎಂದು ತಜ್ಞರು ಹೇಳಿದ್ದರು. ಛಾಯಾಗ್ರಾಹಕರಿಬ್ಬರೂ ಆರೋಪವನ್ನು ಒಪ್ಪಲಿಲ್ಲ. ಸಂಘಟಕರು ಗಟ್ಟಿಯಾಗಿ ನಿಂತದ್ದು ಲಿಖಿತ ನಿಯಮದ ಬಲದ ಮೇಲೆ.

ಈಗ ತೀರ್ಪಿನ ಸ್ಲೈಡಿಗೆ ಬರೋಣ. ನನ್ನ ಮಟ್ಟಿಗೆ ಏಳರಲ್ಲಿ ಇದೇ ಮುಖ್ಯ. ‘ತೀರ್ಪುಗಾರರ ತೀರ್ಮಾನವೇ ಅಂತಿಮ’ ಎಂಬ ಒಂದೇ ಸಾಲು ಬರೆದು ಮುಗಿಸುವ ರೂಢಿ ನಮ್ಮಲ್ಲಿದೆ. ಕಳಿಸುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಯಾವುದಕ್ಕೆ ಎಷ್ಟು ಅಂಕ ಎಂದು ತಿಳಿದರೆ ಅವರು ಫೋಟೊ ತೆಗೆಯುವ ರೀತಿಯೇ ಬದಲಾಗುತ್ತದೆ. ಲೆಕ್ಕ ಮಾಡಿಯೇ ನೋಡೋಣ.

ಬಳಗ ನೂರು ಅಂಕವನ್ನು ಹೀಗೆ ಹಂಚಿತು: ಬೋರ್ಡಿನ ಅಕ್ಷರ ಎಷ್ಟು ಸ್ಪಷ್ಟವಾಗಿ, ಪೂರ್ಣವಾಗಿ ಕಾಣುತ್ತದೆ ಎಂಬುದಕ್ಕೆ 40, ಫೋಟೊ ಆಗಿ ಅದರ ಬೆಳಕು, ಚೌಕಟ್ಟುಗಳಿಗೆ 30, ಬರೆದವರು ಯಾರು, ಯಾವಾಗ, ಅಂಗಡಿ ಯಾವುದು ಎಂಬ ಮೂರು ಸಾಲಿನ ವಿವರಕ್ಕೆ 30. ಎರಡು ಫೋಟೊ ಬಂದವು ಎನ್ನಿ. ಮೊದಲನೆಯದು ಸಂಜೆಗೆಂಪಿನಲ್ಲಿ ತೆಗೆದದ್ದು, ಬೀದಿ, ಎಮ್ಮೆ, ಸೈಕಲ್ಲು ಎಲ್ಲ ಇದೆ, ಬೋರ್ಡು ದೂರದಲ್ಲಿದೆ. ಅದಕ್ಕೆ 22, 28, 10, ಒಟ್ಟು 60. ಎರಡನೆಯದು ಮಧ್ಯಾಹ್ನ ನೇರವಾಗಿ ನಿಂತು ತೆಗೆದದ್ದು, ಅಂಥ ಸೊಬಗಿಲ್ಲ. ಆದರೆ ಒಂದೊಂದು ಅಕ್ಷರದ ನೆರಳೂ ಕಾಣುತ್ತದೆ, ಬರೆದವರ ಹೆಸರು, ಬರೆದ ವರ್ಷವನ್ನು ಅಂಗಡಿಯವರಲ್ಲಿ ವಿಚಾರಿಸಿ ಬರೆದಿದ್ದಾರೆ. ಅದಕ್ಕೆ 34, 19, 26, ಒಟ್ಟು 79. ಎರಡನೆಯದು ಸಲೀಸಾಗಿ ಗೆಲ್ಲುತ್ತದೆ.

ಇದೇ ಫೋಟೊಗಳಿಗೆ, ಇದೇ ಗುಣಮಟ್ಟಕ್ಕೆ, ಹಂಚಿಕೆ ಮಾತ್ರ ಬದಲಿಸಿ: ಫೋಟೊದ ಸೊಬಗಿಗೆ 60, ಅಕ್ಷರಕ್ಕೆ 20, ವಿವರಕ್ಕೆ 20. ಆಗ ಮೊದಲನೆಯದಕ್ಕೆ ಸುಮಾರು 74, ಎರಡನೆಯದಕ್ಕೆ 72. ಗೆಲ್ಲುವವರೇ ಬದಲಾದರು. ಎರಡು ಹಂಚಿಕೆಯಲ್ಲಿ ಯಾವುದೂ ತಪ್ಪಲ್ಲ. ಬಳಗಕ್ಕೆ ಬೇಕಾದದ್ದು ಅಕ್ಷರಗಳ ದಾಖಲೆಯೇ, ಬೀದಿಯ ಚೆಲುವೇ ಎಂಬುದು ಮೊದಲು ತೀರ್ಮಾನವಾಗಬೇಕು, ತೀರ್ಮಾನವಾದದ್ದು ಐದನೇ ಸ್ಲೈಡಿನಲ್ಲಿ ಅಂಕಿಗಳಲ್ಲಿ ಕಾಣಬೇಕು. ಇದನ್ನು ಹೇಳದೆ ಫಲಿತಾಂಶ ಕೊಟ್ಟರೆ ಎಮ್ಮೆಯ ಫೋಟೊ ತೆಗೆದವರಿಗೆ ತಾವು ಏಕೆ ಸೋತೆವೆಂದು ಎಂದಿಗೂ ಅರ್ಥವಾಗುವುದಿಲ್ಲ.

ಮೂವರು ತೀರ್ಪುಗಾರರು ಬೇರೆ ಬೇರೆ ಕುಳಿತು ಅಂಕ ಕೊಟ್ಟು, ಮೂರರ ಸರಾಸರಿ ತೆಗೆಯುವುದು ಒಳ್ಳೆಯದು. ಒಟ್ಟಿಗೆ ಕುಳಿತರೆ ಹಿರಿಯರ ಮೊದಲ ಮಾತಿಗೆ ಉಳಿದಿಬ್ಬರೂ ತಲೆಯಾಡಿಸುವ ಸಂಭವ ಹೆಚ್ಚು. ಫೋಟೊಗಳಿಗೆ ಸಂಖ್ಯೆ ಕೊಟ್ಟು, ಹೆಸರು ಮರೆಮಾಡಿ ಅವರಿಗೆ ಕಳಿಸಬೇಕು. ಫಾರ್ಮಿನ ದಾರಿ ಹಿಡಿದರೆ ಇದು ಸುಲಭ, ಇನ್‌ಸ್ಟಾಗ್ರಾಂನಲ್ಲೇ ನೋಡಿದರೆ ಹೆಸರೂ ಲೈಕೂ ಎದುರಿಗೇ ಇರುತ್ತವೆ. ಅಂಕ ಸಮವಾದರೆ ಅಕ್ಷರದ ಅಂಕ ಹೆಚ್ಚಿದ್ದವರು ಮುಂದು ಎಂದು ಮೊದಲೇ ಬರೆದಿಡಿ. ತೀರ್ಪುಗಾರರ ಹೆಸರನ್ನೂ ಆ ಸ್ಲೈಡಿನಲ್ಲೇ ಕೊಡಿ. ಅವರ ಮತ್ತು ಬಳಗದ ಪದಾಧಿಕಾರಿಗಳ ಮನೆಯವರು ಭಾಗವಹಿಸುವಂತಿಲ್ಲ ಎಂಬುದನ್ನೂ ಸೇರಿಸಿ.

ಲೈಕುಗಳನ್ನು ಅಂಕಕ್ಕೆ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ. ಹಿಂಬಾಲಕರು ಹೆಚ್ಚಿದ್ದವರು ಸ್ಪರ್ಧೆ ಶುರುವಾಗುವ ಮೊದಲೇ ಗೆದ್ದಿರುತ್ತಾರೆ, ಲೈಕುಗಳನ್ನು ದುಡ್ಡು ಕೊಟ್ಟು ಕೊಳ್ಳಲೂ ಬರುತ್ತದೆ. ಜನರ ಮೆಚ್ಚುಗೆಗೂ ಜಾಗ ಬೇಕೆಂದರೆ ಕೊನೆಯ ಹತ್ತು ಫೋಟೊಗಳನ್ನು ಬಳಗವೇ ತನ್ನ ಖಾತೆಯಲ್ಲಿ ಹಾಕಿ, ಅಲ್ಲಿನ ಲೈಕಿಗೆ ಬೇರೆಯೇ ಒಂದು ಚಿಕ್ಕ ಬಹುಮಾನ ಇಡಬಹುದು.

ದಿನಾಂಕಗಳಲ್ಲಿ ಜನ ತಪ್ಪುವುದು ಗಂಟೆಯ ವಿಷಯದಲ್ಲಿ. ‘18ರ ರಾತ್ರಿ 12ರವರೆಗೆ’ ಎಂದರೆ ಕೆಲವರು 17 ದಾಟಿದ ಮಧ್ಯರಾತ್ರಿ ಎಂದುಕೊಳ್ಳುತ್ತಾರೆ, ಕೆಲವರು 18 ದಾಟಿದ್ದು. ರಾತ್ರಿ 9 ಎಂದರೆ ಗೊಂದಲವಿಲ್ಲ. ಕೊನೆಯ ಅರ್ಧ ಗಂಟೆಯಲ್ಲಿ ಫಾರ್ಮು ತೆರೆಯುತ್ತಿಲ್ಲವೆಂದು ಫೋನು ಮಾಡುವವರಿಗೆ ಉತ್ತರಿಸಲು ಆಗ ಯಾರಾದರೂ ಎಚ್ಚರವಾಗಿಯೂ ಇರುತ್ತಾರೆ. ಊರಿಗೆ ಬಂದು ಫೋಟೊ ತೆಗೆದು ಮರಳಿಹೋದ ದುಬೈ, ಲಂಡನ್ ಕನ್ನಡಿಗರೂ ಕಳಿಸುವುದುಂಟು, ‘ಭಾರತೀಯ ಸಮಯ’ ಎಂಬ ಎರಡು ಪದ ಅವರಿಗಾಗಿ. ನಮ್ಮ ಆರನೇ ಸ್ಲೈಡಿನಲ್ಲಿ ನಾಲ್ಕೇ ಸಾಲು:

ಶುರು: ಅಕ್ಟೋಬರ್ 1, ಗುರುವಾರ
ಕೊನೆ: ಅಕ್ಟೋಬರ್ 18, ಭಾನುವಾರ, ರಾತ್ರಿ 9 (ಭಾರತೀಯ ಸಮಯ)
ಆಯ್ಕೆಯಾದ ಹತ್ತು ಮಂದಿ ಮೂಲ ಕಡತ ಕೊಡಲು: ಅಕ್ಟೋಬರ್ 22ರಿಂದ 24, ರಾತ್ರಿ 9
ಫಲಿತಾಂಶ: ನವೆಂಬರ್ 1, ಭಾನುವಾರ, ಬೆಳಿಗ್ಗೆ 11, ಇದೇ ಖಾತೆಯಲ್ಲಿ

ದಿನಾಂಕದ ಜೊತೆ ವಾರ ಬರೆಯುವುದರಿಂದ ಒಂದು ಉಪಕಾರವಿದೆ. ಎರಡರಲ್ಲಿ ಒಂದು ತಪ್ಪಾಗಿದ್ದರೆ ಕ್ಯಾಲೆಂಡರ್ ನೋಡುವ ಯಾರಿಗಾದರೂ ಕಣ್ಣಿಗೆ ಹೊಡೆಯುತ್ತದೆ. ಕಡಿಮೆ ಫೋಟೊ ಬಂತೆಂದು ಕೊನೆಯ ಗಳಿಗೆಯಲ್ಲಿ ದಿನಾಂಕ ಮುಂದೂಡುವ ಆಸೆಯನ್ನು ಆದಷ್ಟು ತಡೆಯಬೇಕು. ಅವಧಿಯೊಳಗೆ ಕಷ್ಟಪಟ್ಟು ಕಳಿಸಿದವರಿಗೆ ಅದು ಅನ್ಯಾಯ, ಹಳೆಯ ಸ್ಲೈಡಿನಲ್ಲಿ ಹಳೆಯ ದಿನಾಂಕವೇ ಉಳಿದಿರುತ್ತದೆ ಬೇರೆ. ಮುಂದೂಡಲೇಬೇಕಾದರೆ ಈಗಾಗಲೇ ಕಳಿಸಿದವರಿಗೂ ಫೋಟೊ ಬದಲಿಸುವ ಅವಕಾಶ ಕೊಟ್ಟು, ಹೊಸ ಪೋಸ್ಟಿನಲ್ಲಿ ಹೇಳಿ, ಹಳೆಯದರ ಕ್ಯಾಪ್ಷನ್ನಿನ ಮೊದಲ ಸಾಲಿನಲ್ಲೂ ಬರೆಯಬೇಕು.

ಏಳನೇ ಸ್ಲೈಡಿನ ಹಕ್ಕಿನ ಮಾತು ಚಿಕ್ಕದಾದರೂ ಭಾರದ್ದು. ‘ಕಳಿಸಿದ ಎಲ್ಲ ಫೋಟೊಗಳೂ ಸಂಸ್ಥೆಯ ಆಸ್ತಿಯಾಗುತ್ತವೆ’ ಎಂದು ಬರೆಯುವವರಿದ್ದಾರೆ. ಐದು ಸಾವಿರದ ಬಹುಮಾನಕ್ಕೆ ನೂರಾರು ಜನರ ಫೋಟೊ ಬಾಚಿಕೊಳ್ಳುವುದು ಸರಿಯಲ್ಲ, ಕಾನೂನಿನಲ್ಲೂ ಅದು ಅಷ್ಟು ಸಲೀಸಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕನ್ನು ವರ್ಗಾಯಿಸಲು ಬರಹವೂ ಸಹಿಯೂ ಬೇಕು. ಅವಧಿ ಹೇಳದಿದ್ದರೆ ಅದು ಐದು ವರ್ಷಕ್ಕೆಂದು ಪರಿಗಣನೆಯಾಗುತ್ತದೆ. ಬಳಗಕ್ಕೆ ನಿಜವಾಗಿ ಬೇಕಿರುವುದು ಅನುಮತಿ ಮಾತ್ರ. ಅದನ್ನೇ ನೇರವಾಗಿ ಬರೆದರಾಯಿತು: ‘ಫೋಟೊದ ಹಕ್ಕು ನಿಮ್ಮದೇ. ರಾಜ್ಯೋತ್ಸವ ಪ್ರದರ್ಶನದಲ್ಲಿ ಮತ್ತು ನಮ್ಮ ಖಾತೆಯಲ್ಲಿ, ಒಂದು ವರ್ಷದವರೆಗೆ, ನಿಮ್ಮ ಹೆಸರಿನೊಂದಿಗೆ ಬಳಸಲು ಅನುಮತಿ ಕೊಡುತ್ತೀರಿ. ಬೇರೆ ಬಳಕೆಗೆ ಮತ್ತೆ ಕೇಳುತ್ತೇವೆ.’ ಫೋಟೊದಲ್ಲಿ ಅಂಗಡಿಯವರ ಮುಖವಿದ್ದರೆ ಅವರನ್ನು ಕೇಳಿ ತೆಗೆಯಿರಿ, ಹದಿನೆಂಟರೊಳಗಿನವರು ಭಾಗವಹಿಸುವುದಾದರೆ ತಂದೆ ತಾಯಿಯ ಒಪ್ಪಿಗೆ ಬೇಕು ಎಂಬುದೂ ಇಲ್ಲಿಯೇ ಬರಲಿ. ಈ ಸ್ಪರ್ಧೆಗೂ ಇನ್‌ಸ್ಟಾಗ್ರಾಂಗೂ ಸಂಬಂಧವಿಲ್ಲ, ಅದು ಪ್ರಾಯೋಜಕರೂ ಅಲ್ಲ, ಹೊಣೆಗಾರರೂ ಅಲ್ಲ ಎಂಬ ಸಾಲನ್ನು ಇನ್‌ಸ್ಟಾಗ್ರಾಂನ ನಿಯಮವೇ ಬೇಡುತ್ತದೆ. ಫೋಟೊದಲ್ಲಿ ಇಲ್ಲದವರನ್ನು ಅದರಲ್ಲಿ ಟ್ಯಾಗ್ ಮಾಡಿಸಬಾರದೆಂಬುದೂ ಅದೇ ನಿಯಮದಲ್ಲಿದೆ. ‘ಐದು ಗೆಳೆಯರನ್ನು ಫೋಟೊದಲ್ಲಿ ಟ್ಯಾಗ್ ಮಾಡಿ’ ಎನ್ನುವ ಸ್ಪರ್ಧೆಗಳು ಇದನ್ನು ಓದಿಲ್ಲವೆಂದೇ ಅರ್ಥ.

ಪ್ರಕಟಿಸುವ ಹಿಂದಿನ ದಿನ ಏಳೂ ಸ್ಲೈಡುಗಳನ್ನು ಬಳಗದ ಹೊರಗಿನ ಒಬ್ಬರ ಫೋನಿಗೆ ಕಳಿಸಿ. ಫೋಟೊ ತೆಗೆಯುವ ಹವ್ಯಾಸವಿರುವ ಕಾಲೇಜು ಹುಡುಗಿ, ಅಂಗಡಿಯ ಅಣ್ಣ, ಯಾರಾದರೂ ಸರಿ. ಓದಿದ ಮೇಲೆ ಕೇಳಿ: ಲಾರಿಯ ಬರಹ ಕಳಿಸಬಹುದಾ? ಎಷ್ಟು ಫೋಟೊ? ಎಲ್ಲಿಗೆ ಕಳಿಸಬೇಕು? ಎಷ್ಟು ಗಂಟೆಯೊಳಗೆ? ಯಾವುದಕ್ಕೆ ಹೆಚ್ಚು ಅಂಕ? ಅವರು ಹಿಂದಕ್ಕೆ ಸರಿಸಿ ಸರಿಸಿ ಹುಡುಕಿದರೆ ಆ ಸ್ಲೈಡನ್ನು ಮತ್ತೆ ಬರೆಯಬೇಕು. ಅವರು ತಪ್ಪು ಉತ್ತರ ಹೇಳಿದರಂತೂ ಖಂಡಿತ. ಚಿತ್ರದೊಳಗಿನ ಅಕ್ಷರವನ್ನು ದೃಷ್ಟಿ ಇಲ್ಲದವರ ಫೋನು ಸರಿಯಾಗಿ ಓದಿಹೇಳುವುದಿಲ್ಲ, ಅವರ ಮನೆಯಲ್ಲೂ ಸ್ಪರ್ಧೆಗೆ ಕಳಿಸುವವರಿರುತ್ತಾರೆ. ಆದ್ದರಿಂದ ಮುಖ್ಯ ಸಂಗತಿಗಳೆಲ್ಲ ಕ್ಯಾಪ್ಷನ್ನಿನಲ್ಲಿ ಇನ್ನೊಮ್ಮೆ ಬರಲಿ. 2200 ಅಕ್ಷರಗಳಿಗೆ ಅಲ್ಲಿ ಜಾಗವಿದೆ. ಆದರೆ ‘ಇನ್ನಷ್ಟು’ ಒತ್ತುವ ಮೊದಲು ಕಾಣುವುದು ಒಂದೆರಡು ಸಾಲು ಮಾತ್ರ, ಕೊನೆಯ ದಿನ ಆ ಸಾಲುಗಳಲ್ಲೇ ಇರಲಿ. ಪೋಸ್ಟನ್ನು ಖಾತೆಯ ನೆತ್ತಿಗೆ ಪಿನ್ ಮಾಡಿ. ಎರಡು ಮೂರು ಜನ ಒಂದೇ ಪ್ರಶ್ನೆ ಕೇಳಿದರೆ ಅದರ ಉತ್ತರವನ್ನು ಒಬ್ಬೊಬ್ಬರಿಗೆ ಇನ್‌ಬಾಕ್ಸಿನಲ್ಲಿ ಹೇಳದೆ ಕ್ಯಾಪ್ಷನ್ನಿಗೇ ಸೇರಿಸಿ. ಇನ್‌ಬಾಕ್ಸಿನಲ್ಲಿ ಹೇಳಿದ್ದು ಕೇಳಿದವರಿಗಷ್ಟೇ ಗೊತ್ತಾಗುತ್ತದೆ, ಉಳಿದವರಿಗೆ ಅದು ವಂಚನೆಯಂತೆ ಕಾಣುತ್ತದೆ.

ಫಲಿತಾಂಶವೂ ಪ್ರಕಟಣೆ ಬಂದ ಜಾಗದಲ್ಲೇ ಬರಬೇಕು. ವ್ಯಾಪಾರಿ ಸಂಸ್ಥೆಗಳ ಮಟ್ಟಿಗೆ ಇದು ಬರೀ ಸೌಜನ್ಯದ ಮಾತಲ್ಲ. ಬಹುಮಾನ ಯೋಜನೆ ಮುಗಿದ ಮೇಲೆ ಭಾಗವಹಿಸಿದವರಿಗೆ ಫಲಿತಾಂಶ ತಿಳಿಸದೆ ಮುಚ್ಚಿಡುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿಟ್ಟಿದೆ. ನಮ್ಮ ಬಳಗದ ಫಲಿತಾಂಶದ ಕ್ಯಾರಸೆಲ್ ನವೆಂಬರ್ 1ರ ಬೆಳಿಗ್ಗೆ 11ಕ್ಕೆ ಬರಲಿ. ಗೆದ್ದ ಮೂರು ಫೋಟೊಗಳು, ಪ್ರತಿಯೊಂದರ ಕೆಳಗೆ ಮೂರು ಮಾನದಂಡಗಳಲ್ಲಿ ಬಂದ ಸರಾಸರಿ ಅಂಕ, ತೀರ್ಪುಗಾರರ ಎರಡು ಸಾಲಿನ ಟಿಪ್ಪಣಿ, ಒಟ್ಟು ಎಷ್ಟು ಫೋಟೊ ಬಂದವು, ಎಷ್ಟು ಯಾವ ನಿಯಮದಡಿ ಹೊರಗುಳಿದವು ಎಂಬ ಲೆಕ್ಕ. ಕೊನೆಯ ಸ್ಲೈಡಿನಲ್ಲಿ, ಭಾಗವಹಿಸಿದವರ ಮೂರು ಸಾಲಿನ ವಿವರಗಳಿಂದ ಸಿಕ್ಕಿದ ಬೋರ್ಡು ಬರೆದ ಕಲಾವಿದರ ಹೆಸರುಗಳು.